ರೆಸ್ಯೂಮೆಯಲ್ಲಿ ಒಂದು ಪದ ಎಷ್ಟು ಸಲ ಬರಬೇಕು?

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ ಎಂದುಕೊಳ್ಳಿ. ಜಾಹೀರಾತಿನಲ್ಲಿ ಟ್ಯಾಲಿ, ಜಿಎಸ್‌ಟಿ ರಿಟರ್ನ್, GSTR-2B ರೀಕನ್ಸಿಲಿಯೇಷನ್, ಟಿಡಿಎಸ್, ಇ-ವೇ ಬಿಲ್ ಗೊತ್ತಿರಬೇಕು ಅಂತ ಬರೆದಿದ್ದಾರೆ. GSTR-2B ಎಂದರೆ ಸಪ್ಲೈಯರ್‌ಗಳು ಅಪ್‌ಲೋಡ್ ಮಾಡಿದ ಬಿಲ್‌ಗಳ ಪಟ್ಟಿ, ಅದನ್ನು ನಮ್ಮ ಲೆಕ್ಕದ ಜೊತೆ ತಾಳೆ ನೋಡುವುದೇ ರೀಕನ್ಸಿಲಿಯೇಷನ್. ಸಾವಿರ ಅರ್ಜಿ ಬಂದಿವೆ. ಎಚ್‌ಆರ್‌ನವರು ಅಷ್ಟನ್ನೂ ಓದುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ನಾಲ್ಕೈದು ಪದ ಹಾಕಿ ಹುಡುಕುತ್ತಾರೆ, ಮೇಲೆ ಬಂದ ಮೂವತ್ತು ನಲವತ್ತನ್ನು ತೆರೆದು ನೋಡುತ್ತಾರೆ. ನಿಮ್ಮದು ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ ಎನ್ನುವುದೇ ಪ್ರಶ್ನೆ.

'ಕೀವರ್ಡ್ ಜಾಸ್ತಿ ತುಂಬಿ' ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಇದು ಎಷ್ಟು ಕೆಲಸ ಮಾಡುತ್ತದೆ ಅಂತ ಊಹೆ ಮಾಡಬೇಕಿಲ್ಲ. ಪದಗಳಿಗೆ ಅಂಕ ಕೊಡುವ ಲೆಕ್ಕ ಹಳೆಯದು, ಎಲ್ಲರಿಗೂ ತೆರೆದಿರುವಂಥದ್ದು. ಕೂತು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ.

ಮೊದಲ ಹೆಜ್ಜೆ ಇಟ್ಟವರು ಕೇಂಬ್ರಿಜ್‌ನ ಕರೆನ್ ಸ್ಪಾರ್ಕ್ ಜೋನ್ಸ್. ಎಲ್ಲ ಕಾಗದಗಳಲ್ಲೂ ಇರುವ ಪದದಿಂದ ಒಂದು ಕಾಗದವನ್ನು ಇನ್ನೊಂದರಿಂದ ಬೇರೆ ಮಾಡಲು ಆಗುವುದಿಲ್ಲ, ಹಾಗಾಗಿ ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕು ಎಂದು ಅವರು 1972ರಲ್ಲಿ ತೋರಿಸಿದರು. ಮದುವೆ ಮನೆಯಲ್ಲಿ ನಿಂತು 'ಮಂಜುನಾಥ' ಅಂತ ಕೂಗಿ ನೋಡಿ, ಹತ್ತು ಜನ ತಿರುಗುತ್ತಾರೆ. 'ಗೌರಿಬಿದನೂರಿನ ಪೋಸ್ಟ್ ಮಂಜುನಾಥ' ಅಂದರೆ ಒಬ್ಬರೇ. 1990ರ ದಶಕದಲ್ಲಿ ಲಂಡನ್‌ನಲ್ಲಿ ಸ್ಟೀಫನ್ ರಾಬರ್ಟ್‌ಸನ್ ಮತ್ತು ಜೊತೆಯವರು ಈ ವಿಚಾರವನ್ನು ಬೆಳೆಸಿ BM25 ಎಂಬ ಸೂತ್ರ ಕೊಟ್ಟರು. ಕಂಪನಿಗಳು ತಮ್ಮ ಸರ್ಚ್ ಕಟ್ಟಲು ಹೆಚ್ಚಾಗಿ ಬಳಸುವ Elasticsearch ಎಂಬ ತಂತ್ರಾಂಶದಲ್ಲಿ 2016ರಿಂದ ಇದೇ ಸೂತ್ರ ತಾನಾಗಿಯೇ ಕೆಲಸ ಮಾಡುತ್ತದೆ.

ಈಗ ನಮ್ಮ ಸಾವಿರ ಅರ್ಜಿಗೆ ಬರೋಣ. ಅಕೌಂಟ್ಸ್ ಕೆಲಸಕ್ಕೆ ಹಾಕಿದವರಲ್ಲಿ 900 ಜನ 'Tally' ಅಂತ ಬರೆದಿದ್ದಾರೆ, 50 ಜನ ಮಾತ್ರ GSTR-2Bಯ '2B' ಅಂತ ಬರೆದಿದ್ದಾರೆ ಎಂದು ಇಟ್ಟುಕೊಳ್ಳಿ. BM25 ಲೆಕ್ಕದಲ್ಲಿ ಮೊದಲನೆಯದರ ತೂಕ ಸುಮಾರು 0.11, ಎರಡನೆಯದರ ತೂಕ ಸುಮಾರು 2.99. ಸುಮಾರು ಇಪ್ಪತ್ತೆಂಟು ಪಟ್ಟು ವ್ಯತ್ಯಾಸ! ಟ್ಯಾಲಿ ಬರುವುದೇ ದೊಡ್ಡ ವಿಷಯ ಎಂದುಕೊಂಡು ಅದನ್ನು ದಪ್ಪ ಅಕ್ಷರದಲ್ಲಿ ಬರೆಯುವವರು ಇದನ್ನು ಗಮನಿಸಬೇಕು.

ಇನ್ನು ಒಂದೇ ಪದವನ್ನು ಮತ್ತೆ ಮತ್ತೆ ಬರೆದರೆ? ರೆಸ್ಯೂಮೆ ಸಾಮಾನ್ಯ ಉದ್ದದ್ದಾಗಿದ್ದರೆ, ಪದದ ತೂಕವನ್ನು ಈ ಸಂಖ್ಯೆಯಿಂದ ಗುಣಿಸುತ್ತಾರೆ. ಇಲ್ಲಿ `n` ಎಂದರೆ ಆ ಪದ ಎಷ್ಟು ಸಲ ಬಂದಿದೆ ಎಂಬುದು. 1.2 ಎನ್ನುವುದು ಸಾಮಾನ್ಯವಾಗಿ ಇಡುವ ಬೆಲೆ.

```
n × 2.2 ÷ (n + 1.2)
```

ಒಂದು ಸಲ ಬಂದರೆ 1. ಎರಡು ಸಲ ಬಂದರೆ 1.38. ಮೂರಕ್ಕೆ 1.57. ಹತ್ತು ಸಲ ಬರೆದರೂ 1.96. ನೂರು ಸಲ ಬರೆದರೂ 2.2 ಮುಟ್ಟುವುದಿಲ್ಲ. ಎರಡನೇ ಸಲ ಬರೆದಾಗ ಸಿಗುವ ಲಾಭ ಮೂರನೇ ಸಲಕ್ಕೆ ಅರ್ಧಕ್ಕಿಳಿಯುತ್ತದೆ, ಆಮೇಲೆ ಇನ್ನೂ ಕರಗುತ್ತಾ ಹೋಗುತ್ತದೆ. ಈ ಸೂತ್ರವನ್ನು ಹೀಗೆ ಬಾಗಿಸಿದ್ದೇ ಬೇಕೆಂದು. ಒಂದು ಪದ ಹತ್ತು ಸಲ ಬಂದ ಮಾತ್ರಕ್ಕೆ ಆ ಕಾಗದ ಹತ್ತು ಪಟ್ಟು ಆ ವಿಷಯದ್ದಾಗುವುದಿಲ್ಲ, ಅಲ್ವಾ?

ಎರಡನ್ನೂ ಸೇರಿಸಿ ನೋಡಿ. 'Tally' ಪದವನ್ನು ಒಂದರಿಂದ ಹತ್ತಕ್ಕೆ ಏರಿಸಿದರೆ ಒಟ್ಟು ಅಂಕ ಹೆಚ್ಚುವುದು ಸುಮಾರು 0.10. ನಿಜವಾಗಿ ಮಾಡಿದ 2B ಕೆಲಸವನ್ನು ಒಂದೇ ಒಂದು ಸಲ ಬರೆದರೆ ಹೆಚ್ಚುವುದು 2.99. ಒಂದು ಷರತ್ತಿದೆ: ಆ ಪದ ಹುಡುಕುವವರ ಪಟ್ಟಿಯಲ್ಲಿ ಇರಬೇಕು. ಯಾರೂ ಕೇಳದ ಅಪರೂಪದ ಪದಕ್ಕೆ ಸಿಗುವುದು ಸೊನ್ನೆ.

ಜಾಣರು ಇನ್ನೊಂದು ದಾರಿ ಹಿಡಿಯುತ್ತಾರೆ. ಇಡೀ ಜಾಹೀರಾತನ್ನೇ ಕಾಪಿ ಮಾಡಿ ರೆಸ್ಯೂಮೆಯ ಕೊನೆಗೆ ಅಂಟಿಸುತ್ತಾರೆ, ಕೆಲವರು ಬಿಳಿ ಅಕ್ಷರದಲ್ಲಿ. ಇದಕ್ಕೂ ಸೂತ್ರದಲ್ಲಿ ಉತ್ತರವಿದೆ. BM25 ಉದ್ದವನ್ನೂ ಅಳೆಯುತ್ತದೆ. ಸರಾಸರಿ ರೆಸ್ಯೂಮೆ 400 ಪದದ್ದು, ಅಂಟಿಸಿದ ಮೇಲೆ ನಿಮ್ಮದು 800 ಪದ ಆಯಿತು ಎನ್ನೋಣ. ಸಾಮಾನ್ಯ ಬೆಲೆಗಳಲ್ಲಿ ಲೆಕ್ಕ ಹಾಕಿದರೆ, ಒಂದು ಸಲ ಬಂದ ಪದಕ್ಕೆ ಸಿಗುತ್ತಿದ್ದ 1 ಈಗ 0.71ಕ್ಕೆ ಇಳಿಯುತ್ತದೆ. ಅಂಟಿಸಿದ್ದರಿಂದ ಬೇಕಾದ ಪದ ಎರಡು ಸಲ ಆಯಿತಲ್ಲ ಅಂದರೆ, ಅದರ ಬೆಲೆ 1.07. ಇಷ್ಟೆಲ್ಲ ಮಾಡಿ ಗಳಿಸಿದ್ದು ನೂರಕ್ಕೆ ಏಳು. ಅದೇ 400 ಪದದೊಳಗೆ ಹಳೆಯ ಸಾಲುಗಳನ್ನು ತಿದ್ದಿ, ಆ ಪದ ಎರಡು ಕಡೆ ಬರುವಂತೆ ಮಾಡಿದ್ದರೆ 1.38 ಸಿಗುತ್ತಿತ್ತು. ಬಿಳಿ ಅಕ್ಷರದ ಗುಟ್ಟೂ ನಿಲ್ಲುವುದಿಲ್ಲ. ಸಾಫ್ಟ್‌ವೇರ್ ಪಿಡಿಎಫ್‌ನಿಂದ ಬರೀ ಪಠ್ಯವನ್ನು ಎತ್ತಿಕೊಳ್ಳುತ್ತದೆ, ಬಣ್ಣವನ್ನು ಬಿಡುತ್ತದೆ. ಹಾಗೆ ಎತ್ತಿದ ಪಠ್ಯವನ್ನು ಎಚ್‌ಆರ್‌ನವರು ತೆರೆದರೆ ನೀವು ಅಡಗಿಸಿದ್ದೆಲ್ಲ ಕಪ್ಪು ಅಕ್ಷರದಲ್ಲಿ ಕಾಣುತ್ತದೆ.

ಹಾಗಾದರೆ ಟ್ಯಾಲಿಯನ್ನು ಬಿಟ್ಟುಬಿಡಬಹುದಾ? ಬೇಡ. ಹುಡುಕಾಟಕ್ಕೆ ಎರಡು ಹಂತ ಇರುತ್ತವೆ. ಮೊದಲು ಸೋಸುವುದು: 'ಈ ಪದ ಇರಲೇಬೇಕು' ಎಂದು ಗುರುತು ಹಾಕಿದರೆ ಅದು ಇಲ್ಲದವರು ಪಟ್ಟಿಗೇ ಬರುವುದಿಲ್ಲ. ಆಮೇಲೆ ಸಾಲು ಹಚ್ಚುವುದು. ಟ್ಯಾಲಿಯಂಥ ಪದ ಸಾಲಿನಲ್ಲಿ ಮೇಲೇರಿಸುವುದಿಲ್ಲ, ಆದರೆ ಇಲ್ಲದಿದ್ದರೆ ಹೊರಗೆ ಹಾಕುತ್ತದೆ. ಅದಕ್ಕೆ ಒಂದು ಸಲ ಸಾಕು. 2B, ಇ-ವೇ ಬಿಲ್‌ನಂಥವು ಮೇಲೇರಿಸುವ ಪದಗಳು, ಅವಕ್ಕೆ ಎರಡು ಸಲ ಜಾಗ ಕೊಡಿ. ಒಮ್ಮೆ ಸ್ಕಿಲ್ಸ್ ಪಟ್ಟಿಯಲ್ಲಿ, ಒಮ್ಮೆ ಆ ಕೆಲಸ ಮಾಡಿದ ಕಂಪನಿಯ ಕೆಳಗೆ. 'ಹಾರ್ಡ್ ವರ್ಕಿಂಗ್', 'ಟೀಮ್ ಪ್ಲೇಯರ್' ಎರಡೂ ಕಡೆ ಸಲ್ಲುವುದಿಲ್ಲ. ಅವನ್ನು ಹಾಕಿ ಯಾರೂ ಹುಡುಕುವುದಿಲ್ಲ, ಸುಮ್ನೆ ಉದ್ದ ಹೆಚ್ಚಿಸುತ್ತವೆ.

ಪದ ಆಯ್ದುಕೊಳ್ಳಲು ಒಂದೇ ಜಾಹೀರಾತು ಸಾಲದು. ನಿಮಗೆ ಬೇಕಾದ ಹುದ್ದೆಯ ಎಂಟು ಹತ್ತು ಜಾಹೀರಾತು ಎತ್ತಿಕೊಳ್ಳಿ, ಯಾವ ಪದ ಎಷ್ಟರಲ್ಲಿ ಬಂದಿದೆ ಅಂತ ಗೀಟು ಹಾಕುತ್ತಾ ಹೋಗಿ. ಎಲ್ಲದರಲ್ಲೂ ಇರುವುದು ಸೋಸುವ ಪದ. ಮೂರು ನಾಲ್ಕರಲ್ಲಿ ಬಂದು, ನಿಮ್ಮ ಜೊತೆ ಬಿಕಾಂ ಮಾಡಿದ ಹೆಚ್ಚಿನವರು ಬರೆಯದೇ ಇರುವ ಪದ ಯಾವುದೋ, ಅದು ಮೇಲೇರಿಸುವ ಪದ. ನೀವು ಮಾಡಿರದ ಕೆಲಸದ ಪದವಿದ್ದರೆ ಆಗಲೇ ಹೊಡೆದುಹಾಕಿ. 2B ಬಗ್ಗೆ ಸಂದರ್ಶನದಲ್ಲಿ ಮೊದಲು ಕೇಳುವುದೇ 'ಸಪ್ಲೈಯರ್ ಬಿಲ್ ಅಪ್‌ಲೋಡ್ ಮಾಡಿಲ್ಲ, 2Bಯಲ್ಲಿ ಕಾಣ್ತಿಲ್ಲ, ಏನು ಮಾಡ್ತೀರಿ?' ಅಂತ.

ಈಗ ಒಂದು ಸಾಲು ತಿದ್ದೋಣ. ತುಮಕೂರಿನ ಒಬ್ಬ ಹುಡುಗಿ ಮೂರು ವರ್ಷ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡಿದ್ದಾಳೆ ಎಂದುಕೊಳ್ಳಿ. ಕೆಳಗಿನ ಎರಡರಲ್ಲಿ ಮೊದಲನೆಯದು ಅವಳ ರೆಸ್ಯೂಮೆಯಲ್ಲಿರುವ ಸಾಲು. ತಿದ್ದಿದ ಮೇಲೆ ಅದು ಎರಡನೆಯದರಂತೆ ಆಗುತ್ತದೆ.

```
Handled all tax related work of clients.

Filed GSTR-1 and GSTR-3B every month for 12 clients;
did GSTR-2B reconciliation with purchase register in Tally.
```

ಮೊದಲ ಸಾಲು ಸುಳ್ಳಲ್ಲ, ಆದರೆ ಅದರಲ್ಲಿ ಹುಡುಕುವವರ ಒಂದು ಪದವೂ ಇಲ್ಲ. ಎರಡನೆಯದರಲ್ಲಿ ನಾಲ್ಕೈದು ಇವೆ, ಯಾವುದೂ ತುರುಕಿದಂತೆ ಕಾಣುವುದಿಲ್ಲ, ಯಾಕೆಂದರೆ ಅದು ಅವಳು ಮಾಡಿದ ಕೆಲಸವೇ. ಈಚಿನ ಕೆಲವು ಸಾಫ್ಟ್‌ವೇರ್‌ಗಳು ಪದದ ಜೊತೆ ವಾಕ್ಯದ ಅರ್ಥವನ್ನೂ ಅಂಕಿಗಳಾಗಿ ಬದಲಿಸಿ ಹೋಲಿಸುತ್ತವೆ. ಅಂಥ ಕಡೆಯೂ 'ಏನನ್ನು, ಯಾವುದರ ಜೊತೆ, ಯಾವುದರಲ್ಲಿ' ಎಂದು ಹೇಳುವ ಸಾಲು ಜಾಹೀರಾತಿಗೆ ಹತ್ತಿರ ಕೂರುತ್ತದೆ. 'ಎಲ್ಲ ತೆರಿಗೆ ಕೆಲಸ' ಎಂಬುದು ಯಾವುದಕ್ಕೂ ಹತ್ತಿರ ಬರುವುದಿಲ್ಲ.

ಪದದ ರೂಪದಲ್ಲೂ ಎಡವುವುದುಂಟು. ಸಾಫ್ಟ್‌ವೇರ್ ಪಠ್ಯವನ್ನು ತುಂಡು ಮಾಡಿ ಇಟ್ಟುಕೊಳ್ಳುತ್ತದೆ. `GSTR-2B` ಎಂದು ಅಡ್ಡಗೆರೆ ಹಾಕಿ ಬರೆದರೆ ಸಾಮಾನ್ಯವಾಗಿ ಎರಡು ತುಂಡು: `gstr` ಮತ್ತು `2b`. `GSTR2B` ಎಂದು ಕೂಡಿಸಿ ಬರೆದರೆ ಒಂದೇ ತುಂಡು, 2B ಅಂತ ಹುಡುಕಿದವರಿಗೆ ಅದು ಸಿಗುವುದಿಲ್ಲ. ಹಾಗೆಯೇ `TallyPrime` ಎಂದು ಮಾತ್ರ ಬರೆದಿದ್ದರೆ `Tally` ಎಂಬ ಹುಡುಕಾಟ ಅದನ್ನು ದಾಟಿ ಹೋಗಬಹುದು. 2020ರಲ್ಲಿ ಹೆಸರು ಬದಲಾದ ಮೇಲೆ ಹೊಸ ಹೆಸರನ್ನಷ್ಟೇ ಬರೆದವರು ಹೀಗೆ ಕಾಣೆಯಾಗುತ್ತಾರೆ. ಸ್ಕಿಲ್ಸ್‌ನಲ್ಲಿ ಎರಡನ್ನೂ ಬರೆದರೆ ಮುಗಿಯಿತು. ಬಿಆರ್‌ಎಸ್ ಮತ್ತು ಬ್ಯಾಂಕ್ ರೀಕನ್ಸಿಲಿಯೇಷನ್ ಕೂಡ ಅಷ್ಟೇ, ಚಿಕ್ಕದು ಒಮ್ಮೆ, ಪೂರ್ತಿ ಒಮ್ಮೆ.

ಬಹಳ ಸರ್ಚ್‌ಗಳು ಪದದ ಬಾಲ ಕತ್ತರಿಸಿ ಬುಡವನ್ನು ಹೋಲಿಸುತ್ತವೆ. ಅದಕ್ಕೆ 1980ರಲ್ಲಿ ಮಾರ್ಟಿನ್ ಪೋರ್ಟರ್ ಬರೆದ ನಿಯಮಗಳು ಇಂದಿಗೂ ಚಾಲ್ತಿಯಲ್ಲಿವೆ. ಅದರಲ್ಲಿ `filed`, `filing` ಎರಡಕ್ಕೂ ಬುಡ `file`, ತೊಂದರೆಯಿಲ್ಲ. ಆದರೆ `reconciled` ಕತ್ತರಿಸಿದರೆ `reconcil`, `reconciliation` ಕತ್ತರಿಸಿದರೆ `reconcili`. ಕೊನೆಯ ಒಂದು ಅಕ್ಷರದಿಂದ ಎರಡೂ ಬೇರೆ ಪದಗಳಾಗಿಬಿಡುತ್ತವೆ! ಮೇಲೆ ತಿದ್ದಿದ ಸಾಲಿನಲ್ಲಿ ಕ್ರಿಯಾಪದದ ಬದಲು `reconciliation` ಅಂತಲೇ ಬರೆದದ್ದು ಇದಕ್ಕೆ. ಜಾಹೀರಾತಿನವರು ಯಾವ ರೂಪ ಬಳಸಿದ್ದಾರೋ ಅದನ್ನೇ ಬಳಸಿ.

ಪದ ಎಷ್ಟೇ ಸರಿಯಾಗಿದ್ದರೂ ಅದು ಪಠ್ಯವಾಗಿ ಹೊರಗೆ ಬರಬೇಕು. ಪಿಡಿಎಫ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ನೋಡಿ. ಎರಡು ಕಾಲಂ ಟೆಂಪ್ಲೇಟ್ ಆದರೆ ಎಡದ ಅರ್ಧ ಸಾಲಿಗೆ ಬಲದ ಅರ್ಧ ಸಾಲು ಅಂಟಿಕೊಂಡು, ಕಂಪನಿಯ ಹೆಸರಿನ ಮಧ್ಯೆ ಫೋನ್ ನಂಬರ್ ಕಾಣಬಹುದು. ಚಿತ್ರವಾಗಿ ಹಾಕಿದ ಸ್ಕಿಲ್ ಪಟ್ಟಿ ಪೂರ್ತಿ ಮಾಯವಾಗಿರುತ್ತದೆ. ಕೆಲವು ಫಾಂಟ್‌ಗಳಲ್ಲಿ `f` ಮತ್ತು `i` ಕೂಡಿ ಒಂದೇ ಅಕ್ಷರವಾಗಿ, `filing` ಎಂಬುದು ಮುರಿದು ಬಂದಿರುತ್ತದೆ. ಹೀಗೇನಾದರೂ ಕಂಡರೆ ಒಂದೇ ಕಾಲಂನ ಸಾದಾ ವರ್ಡ್ ಫೈಲಿಗೆ ಬದಲಾಯಿಸಿ, ಮತ್ತೆ ಅದೇ ಪರೀಕ್ಷೆ ಮಾಡಿ.

ಪದಗಳಿಂದ ಸರಿ ಮಾಡಲಾಗದ್ದೂ ಇದೆ. ಜಾಬ್ ಸೈಟ್‌ಗಳಲ್ಲಿ ಎಚ್‌ಆರ್‌ನವರು ಪದ ಹಾಕುವುದರ ಜೊತೆಗೆ ಊರು, ಅನುಭವದ ವರ್ಷ, ಸಂಬಳ, ನೋಟಿಸ್ ಪೀರಿಯಡ್ ಕೂಡ ಗುರುತು ಮಾಡುತ್ತಾರೆ. ಪ್ರೊಫೈಲ್‌ನಲ್ಲಿ ಊರು ತುಮಕೂರು ಅಂತಷ್ಟೇ ಇದ್ದು, 'ಬೆಂಗಳೂರಿಗೆ ಬರಲು ಸಿದ್ಧ' ಎಂಬ ಕಾಲಂ ಖಾಲಿ ಬಿಟ್ಟಿದ್ದರೆ, ಆ ಹುಡುಗಿಯ 2.99 ಅಂಕದ ಸಾಲು ಲೆಕ್ಕಕ್ಕೇ ಬರದೆ ಹೊರಗೆ ಉಳಿಯಬಹುದು. ಅದನ್ನು ತುಂಬಲು ಎರಡು ನಿಮಿಷ ಸಾಕು.