ದಿಂಬಿನ ಕವರ್ ಕಮಟು ವಾಸನೆ ಬರ್ತಿದ್ರೆ ಮೊದಲು ಸೆಟ್ಟಿಂಗ್ ನೋಡಿ

ಕಳೆದ ಡಿಸೆಂಬರ್‌ನಲ್ಲಿ ಮೈಸೂರಿನ ಕುವೆಂಪುನಗರದ ಒಂದು ಮನೆಯಿಂದ ಫೋನ್ ಬಂತು. ವಾಷಿಂಗ್ ಮಷೀನ್ ತಿರುಗತ್ತೆ, ನೀರು ತಗೊಳ್ಳತ್ತೆ, ಎಲ್ಲಾ ಮಾಡತ್ತೆ, ಆದ್ರೆ ಬಟ್ಟೆ ಒಗೆದಂಗೇ ಇಲ್ಲ, ದಿಂಬಿನ ಕವರ್ ಒಗೆದು ಒಣಗಿಸಿ ಮಡಚಿಟ್ರೂ ಕಮಟು ವಾಸನೆ ಬರತ್ತೆ ಅಂದ್ರು. 7 ಕೆಜಿ ಫ್ರಂಟ್ ಲೋಡ್, ತಗೊಂಡು ಇನ್ನೂ ಎರಡು ವರ್ಷ. ಹೋಗಿ ನೋಡಿದೆ, ಮೋಟ್ರು ಸರಿಯಾಗಿದೆ, ಪಂಪ್ ಸರಿಯಾಗಿದೆ, ನೀರಿನ ಫೋರ್ಸ್ ಚೆನ್ನಾಗಿದೆ. ಬಾಗಿಲ ರಬ್ಬರ್ ಮಡಿಕೆಯೊಳಗೆ ಬೆರಳು ಹಾಕಿ ಎಳೆದೆ, ಬೂದು ಬಣ್ಣದ ಲೋಳೆ ಅಂಟ್ಕೊಂಡು ಬಂತು. ಮೂಸಿ ನೋಡಿದ್ರೆ ಅದೇ ಕಮಟು. "ಅಮ್ಮಾ, ದಿನಾ ಯಾವುದಕ್ಕಿಟ್ಟು ಒಗೀತೀರಾ?" ಅಂತ ಕೇಳಿದೆ. "ಕ್ವಿಕ್ 30, ಕೋಲ್ಡ್, ಸ್ಪಿನ್ 1200. ಎಲ್ಲದಕ್ಕೂ ಅದೇ" ಅಂದ್ರು.

ಅಲ್ಲಿಗೆ ಕಾಯಿಲೆ ಗೊತ್ತಾಯ್ತು. ರಿಪೇರಿ ಮಾಡೋಕೆ ಅಲ್ಲಿ ಏನೂ ಇರ್ಲಿಲ್ಲ.

ಟೇಬಲ್ ಮೇಲೆ ಕೊಬ್ಬರಿ ಎಣ್ಣೆ ಬಾಟ್ಲು ಇತ್ತು, ಮೇಲಿನಿಂದ ತಳದ ತನಕ ಬೆಳ್ಳಗೆ ಗಟ್ಟಿಯಾಗಿತ್ತು. ಅದನ್ನೇ ತೋರಿಸಿ ಹೇಳಿದೆ, ನೋಡಿ ಅಮ್ಮಾ, ಕೊಬ್ಬರಿ ಎಣ್ಣೆ ಕರಗೋದು 24 ಡಿಗ್ರಿ ಆಸುಪಾಸಿನಲ್ಲಿ, ಈಗ ನಿಮ್ಮ ಟ್ಯಾಂಕ್ ನೀರು ಬೆಳಗ್ಗೆ ಎಷ್ಟಿದೆ ನೋಡೋಣ ಅಂತ. ನಲ್ಲಿ ಕೆಳಗೆ ಥರ್ಮಾಮೀಟರ್ ಹಿಡಿದ್ರೆ 21. ತಲೆಗೆ ಹಚ್ಚಿದ ಎಣ್ಣೆ ದಿಂಬಿಗೆ ಇಳಿದಿರತ್ತೆ, ನೀವು ಕೋಲ್ಡಲ್ಲಿ ಹಾಕ್ತೀರಾ, ಅದು ನೂಲಿನೊಳಗೆ ಗಟ್ಟಿಯಾಗಿ ಕೂತಿರತ್ತೆ, ಸೋಪಿಗೆ ಸರಿಯಾಗಿ ಸಿಗೋದೇ ಇಲ್ಲ. ಅಲ್ಲೇ ಉಳಿದು ದಿನ ಕಳೆದಂಗೆ ಕಮಟಾಗತ್ತೆ. ಸ್ವಲ್ಪ ಬಿಟ್ಕೊಂಡಿದ್ದು ಹೋಗಿ ರಬ್ಬರಿಗೆ, ಡ್ರಮ್ಮಿನ ಹಿಂಭಾಗಕ್ಕೆ ಅಂಟತ್ತೆ, ಅಲ್ಲಿಂದ ವಾಸನೆ ಮತ್ತೆ ಬಟ್ಟೆಗೇ ವಾಪಸ್ ಬರತ್ತೆ. ಬಚ್ಚಲ ಹಂಡೇಲಿ ನೀರು ಕಾಯಿಸಿ ಒಗೀತಿದ್ದ ಕಾಲದಲ್ಲಿ, ಅಗಸರು ಉಬ್ಬೆಗೆ ಹಾಕ್ತಿದ್ದ ಕಾಲದಲ್ಲಿ ಈ ತೊಂದ್ರೆ ಇರ್ಲಿಲ್ಲ. ಮಷೀನ್ ಒಳಗೂ ಆ ಹಂಡೆ ಇದೆ, ಅದರ ಹೆಸರು ಹೀಟರ್, ಆದ್ರೆ ನೀವು ಟೆಂಪರೇಚರ್ ಬಟನ್ ಒತ್ತಿದ್ರೆ ತಾನೇ ಅದು ಕೆಲಸ ಮಾಡೋದು.

ಕರೆಂಟ್ ಬಿಲ್ ಜಾಸ್ತಿ ಬರತ್ತೆ ಅಂತ ಬಹಳ ಜನ ಆ ಬಟನ್ ಮುಟ್ಟೋದೇ ಇಲ್ಲ. ಲೆಕ್ಕ ಹಾಕಿ ನೋಡೋಣ. ಫ್ರಂಟ್ ಲೋಡ್ ಒಂದು ಸಲ ಸೋಪು ಹಾಕಿ ಒಗೆಯೋಕೆ ತಗೊಳ್ಳೋ ನೀರು ಸುಮಾರು 15 ಲೀಟರ್, ಬಿಸಿ ಮಾಡೋದು ಆ ನೀರನ್ನ ಮಾತ್ರ, ಆಮೇಲೆ ಜಾಲಿಸೋದೆಲ್ಲ ತಣ್ಣೀರಲ್ಲೇ. 21 ರಿಂದ 40 ಡಿಗ್ರಿಗೆ ಏರಿಸೋಕೆ ಯೂನಿಟ್ಟಿನ ಮೂರನೇ ಒಂದು ಭಾಗ, 60ಕ್ಕೆ ಮುಕ್ಕಾಲು ಯೂನಿಟ್ ಹತ್ರ ಹತ್ರ. ಬಟ್ಟೆ, ಡ್ರಮ್ ಬಿಸಿಯಾಗೋದನ್ನೂ ಸೇರಿಸಿದ್ರೆ ಇನ್ನೊಂಚೂರು ಜಾಸ್ತಿ. ಯೂನಿಟ್ಟಿಗೆ 6–7 ರೂಪಾಯಿ ಅಂತಿಟ್ಕೊಂಡ್ರೂ 40ರಲ್ಲಿ ಒಗೆದ್ರೆ ಎರಡು-ಮೂರು ರೂಪಾಯಿ, 60ರಲ್ಲಿ ಐದಾರು ರೂಪಾಯಿ. ವಾರಕ್ಕೊಂದ್ಸಲ ಟವಲ್ಲು, ದಿಂಬಿನ ಕವರ್ರು, ಬನಿಯನ್ನು, ಹಾಸಿಗೆ ಬಟ್ಟೆ 60ರಲ್ಲಿ ಒಗೆದ್ರೆ ತಿಂಗಳಿಗೆ ಇಪ್ಪತ್ತೈದು ರೂಪಾಯಿ ಖರ್ಚು.

ಹಾಗಂತ ಎಲ್ಲದಕ್ಕೂ ಬಿಸಿ ಬೇಕಿಲ್ಲ. ನಾನು ಎಲ್ಲರಿಗೂ ಹೇಳೋದಿಷ್ಟೇ, ಟೆಂಪರೇಚರ್ ಇಡೋವಾಗ ಕೊಳೆ ಯಾವುದು ಅಂತ ನೋಡಿ. ಆಫೀಸಿಗೆ ಒಂದಿನ ಹಾಕ್ಕೊಂಡ ಶರ್ಟಲ್ಲಿ ಇರೋದು ಧೂಳು, ಒಂಚೂರು ಬೆವರು, 30 ಸಾಕು. ಕಾಲರ್ ಜಿಡ್ಡಾಗಿದ್ರೆ, ಅಡುಗೆ ಮನೆ ಎಣ್ಣೆ ತುಪ್ಪ ತಾಗಿದ್ರೆ 40, ತುಪ್ಪ ಪೂರ್ತಿ ಕರಗಿ ಬಿಡೋದು ಅಲ್ಲೇ, ಸೋಪಿನಲ್ಲಿರೋ ಎನ್‌ಜೈಮ್ ಚೆನ್ನಾಗಿ ಕೆಲಸ ಮಾಡೋದೂ 30–50ರ ನಡುವೆ. ಮನೇಲಿ ಜ್ವರ, ಕಜ್ಜಿ, ಧೂಳಿನ ಅಲರ್ಜಿ ಇದ್ರೆ ಹಾಸಿಗೆ ಬಟ್ಟೆಗೆ 60, ಹಾಸಿಗೆಯಲ್ಲಿರೋ ಸಣ್ಣ ಧೂಳು ಹುಳ ಸಾಯೋಕೆ ಅಷ್ಟು ಬಿಸಿ ಬೇಕು. 90 ಅಂತೂ ನಾನು ಮನೆ ಬಟ್ಟೆಗೆ ಹೇಳೋದಿಲ್ಲ, ಖಾಲಿ ಡ್ರಮ್ ಕ್ಲೀನ್ ಮಾಡೋಕೆ ಇಟ್ಕೊಳ್ಳಿ. ರಕ್ತ, ಹಾಲು, ಮೊಟ್ಟೆ ಈ ಮೂರಕ್ಕೆ ಮಾತ್ರ ಮೊದಲೇ ಬಿಸಿನೀರು ತೋರಿಸಬೇಡಿ, ಮೊಟ್ಟೆ ಬೆಂದಂಗೆ ಅದೂ ಬೆಂದು ಬಟ್ಟೆಗೆ ಕಚ್ಕೊಳ್ಳತ್ತೆ, ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಉಜ್ಜಿ, ಆಮೇಲೆ ಮಷೀನಿಗೆ ಹಾಕಿ. ಅರಿಶಿನದ ಕಲೆ ಮಷೀನಿಂದ ಆಚೆ ಬರುವಾಗ ಕೆಂಪಾಗಿದ್ರೆ ಗಾಬರಿ ಆಗ್ಬೇಡಿ, ಅರಿಶಿನಕ್ಕೆ ಸುಣ್ಣ ತಾಗಿದ್ರೆ ಕೆಂಪಾಗಲ್ವಾ, ಸೋಪೂ ಅದೇ ಕೆಲಸ ಮಾಡತ್ತೆ, ಇನ್ನೊಂದ್ಸಲ ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ, ಬಿಸಿಲು ಅದನ್ನ ತೆಗೆಯೋವಷ್ಟು ಯಾವ ಸೆಟ್ಟಿಂಗೂ ತೆಗೆಯಲ್ಲ.

ಇನ್ನು ಪ್ರೋಗ್ರಾಮ್. ಕಾಟನ್, ಮಿಕ್ಸ್, ಡೆಲಿಕೇಟ್ ಅಂತ ಬರೆದಿರೋದು ಬರೀ ಬಟ್ಟೆ ಹೆಸರಲ್ಲ, ಡ್ರಮ್ ಹೆಂಗೆ ಆಡಬೇಕು ಅನ್ನೋದರ ಹೆಸರು. ಒಂದಿನ ಗ್ಲಾಸ್ ಮುಂದೆ ಐದು ನಿಮಿಷ ಕೂತು ನೋಡಿ. ಕಾಟನ್ನಲ್ಲಿ ನೀರು ಕಮ್ಮಿ, ಡ್ರಮ್ ಬಟ್ಟೆಯನ್ನ ಮೇಲಿನ ತನಕ ಎತ್ತಿ ದಬ್ ಅಂತ ಬೀಳಿಸತ್ತೆ, ಸ್ವಲ್ಪ ನಿಂತು ಮತ್ತೆ ಎತ್ತತ್ತೆ, ಒಗೆಯೋ ಕಲ್ಲಿನ ಮೇಲೆ ಕುಕ್ಕಿದಂಗೆ. ಡೆಲಿಕೇಟಲ್ಲಿ ನೀರು ಜಾಸ್ತಿ, ಡ್ರಮ್ ನಾಲ್ಕು ಸುತ್ತು ಮೆಲ್ಲಗೆ ತಿರುಗಿ ತುಂಬಾ ಹೊತ್ತು ನಿಲ್ಲತ್ತೆ, ಬಕೆಟ್ಟಲ್ಲಿ ಸೀರೆ ಅದ್ದಿ ಅದ್ದಿ ತೆಗೆದಂಗೆ. ಮಿಕ್ಸ್, ಸಿಂಥೆಟಿಕ್ ಇವೆರಡರ ನಡುವೆ. ಅದಕ್ಕೇ ಡೆಲಿಕೇಟಲ್ಲಿ ಎರಡು ಕೆಜಿಗಿಂತ ಜಾಸ್ತಿ ತುಂಬಿದ್ರೆ ಆ ನಾಜೂಕಿಗೆ ಅರ್ಥ ಇರಲ್ಲ, ಬಟ್ಟೆಗೆ ಬಟ್ಟೆ ಉಜ್ಜಿ ಹಾಳಾಗತ್ತೆ. 7 ಕೆಜಿ ಅಂತ ಮಷೀನ್ ಮೇಲೆ ಬರೆದಿರೋದು ಕಾಟನ್ ಪ್ರೋಗ್ರಾಮಿಗೆ ಮಾತ್ರ.

ಕ್ವಿಕ್ ವಿಷಯಕ್ಕೆ ಬಂದ್ರೆ, ಅದನ್ನ ಮಾಡಿರೋದು ಒಂದೆರಡು ಕೆಜಿ, ಕೊಳೆ ಇಲ್ಲದ ಬಟ್ಟೆಗೆ, ಮದುವೆಗೆ ಒಂದ್ಗಂಟೆ ಹಾಕ್ಕೊಂಡು ಬಂದ ಪಂಚೆ ಶರ್ಟು, ಮಳೆಗೆ ನೆಂದ ಯೂನಿಫಾರ್ಮು ಅಂಥದ್ದಕ್ಕೆ. 2000 ವಾಟ್ ಹೀಟರ್ರಿಗೆ ನೀರು 40 ತಲುಪಿಸೋಕೇ ಹತ್ತು ನಿಮಿಷ ಬೇಕು, 60ಕ್ಕೆ ಇಪ್ಪತ್ತು. ಮೂವತ್ತು ನಿಮಿಷದಲ್ಲಿ ಒಗೆದು, ಎರಡ್ಸಲ ಜಾಲಿಸಿ, ಹಿಂಡಬೇಕಾದ್ರೆ ಅದಕ್ಕೆ ಟೈಮೆಲ್ಲಿ, ಬಹಳ ಮಷೀನಲ್ಲಿ ಕ್ವಿಕ್ಕಿಗೆ 60 ಸೆಲೆಕ್ಟೇ ಆಗಲ್ಲ. ಆ ಅಮ್ಮ ಅದರಲ್ಲಿ ಆರು ಕೆಜಿ ತುಂಬ್ತಿದ್ರು, ಪೌಡ್ರು ಪೂರ್ತಿ ಹಾಕ್ತಿದ್ರು. ಕಪ್ಪು ಪ್ಯಾಂಟ್ ಮೇಲೆ ಬಿಳಿ ಪುಡಿ ಉಳಿಯೋದು, ಮಕ್ಕಳಿಗೆ ಕುತ್ತಿಗೆ ಹತ್ರ ತುರಿಕೆ ಬರೋದು ಇದ್ರೆ ಸೋಪು ಸರಿಯಾಗಿ ಹೋಗಿಲ್ಲ ಅಂತ ತಿಳ್ಕೊಳ್ಳಿ. ಅನುಮಾನ ಇದ್ರೆ ಬರೀ ರಿನ್ಸ್ ಇನ್ನೊಂದ್ಸಲ ಹಾಕಿ ಗ್ಲಾಸಲ್ಲಿ ನೊರೆ ಬರತ್ತಾ ನೋಡಿ.

ಸ್ಪಿನ್ನಿನಲ್ಲಿ ಜನ ಉಲ್ಟಾ ತಪ್ಪು ಮಾಡ್ತಾರೆ, ದೊಡ್ಡ ನಂಬರ್ ಒಳ್ಳೇದು ಅಂದ್ಕೊಳ್ತಾರೆ. 5 ಕೆಜಿ ಒಣ ಕಾಟನ್ ಬಟ್ಟೆ 800ರಲ್ಲಿ ಹಿಂಡಿದ್ರೆ ಅದರಲ್ಲಿ ಸುಮಾರು ಮೂರೂವರೆ ಲೀಟರ್ ನೀರು ಉಳಿಯತ್ತೆ, 1000ದಲ್ಲಿ ಮೂರು ಚಿಲ್ಲರೆ, 1200ರಲ್ಲಿ ಎರಡೂ ಮುಕ್ಕಾಲು. ಸ್ಪೀಡ್ ಏರಿದಂಗೆ ಬಟ್ಟೆ ಮೇಲಿನ ಒತ್ತಡ ಬೇಗ ಬೇಗ ಏರತ್ತೆ, 400ಕ್ಕಿಂತ 800ರಲ್ಲಿ ನಾಲ್ಕು ಪಟ್ಟು, 1200ರಲ್ಲಿ ಒಂಬತ್ತು ಪಟ್ಟು, ಆದ್ರೆ ಆಚೆ ಬರೋ ನೀರು ಅದೇ ಲೆಕ್ಕದಲ್ಲಿ ಜಾಸ್ತಿ ಆಗಲ್ಲ. ಕೊನೆಯ ಆ 200ಕ್ಕೆ ಸಿಗೋದು ಒಂದೆರಡು ಲೋಟ ನೀರು, ಕೊಡೋದು ಸುಕ್ಕು. ಬಳ್ಳಾರಿ ಕಡೆ ಏಪ್ರಿಲ್ ತಿಂಗಳಲ್ಲಿ ತಾರಸಿ ಮೇಲೆ ಅರ್ಧ ಗಂಟೇಲಿ ಒಣಗೋ ಶರ್ಟಿಗೆ 1200 ಯಾಕೆ, 800 ಇಟ್ರೆ ಇಸ್ತ್ರಿ ಕೆಲಸ ಅರ್ಧ ಕಮ್ಮಿ. ಅದೇ ಶಿವಮೊಗ್ಗ, ಮಡಿಕೇರಿ ಕಡೆ ಜುಲೈನಲ್ಲಿ ಒಳಗೆ ಹಗ್ಗ ಕಟ್ಟಿ ಒಣಗಿಸೋರು ಟವಲ್ಲು, ಜೀನ್ಸು, ಬೆಡ್‌ಶೀಟಿಗೆ 1200 ಇಡಲೇಬೇಕು, ಅಲ್ಲಿ ಆ ಎರಡು ಲೋಟದಲ್ಲೇ ಮುಗ್ಗಲು ವಾಸನೆ ಬರೋದೂ ತಪ್ಪೋದೂ ಇರೋದು. ಪಾಲಿಯೆಸ್ಟರ್ ಯೂನಿಫಾರ್ಮು, ಸಿಂಥೆಟಿಕ್ ಸೀರೆ 600–800, ಅವು ನೀರೇ ಹಿಡ್ಕೊಳ್ಳಲ್ಲ. ಬಿಸೀಲಿ ಒಗೆದು ಜೋರಾಗಿ ಹಿಂಡಿದ್ರೆ ಆ ನೂಲಲ್ಲಿ ಮಡಿಕೆ ಹಂಗೇ ಕೂತ್ಕೊಳ್ಳತ್ತೆ, ಇಸ್ತ್ರಿಗೂ ಬಗ್ಗಲ್ಲ. ಜರಿ ಇರೋ ರೇಷ್ಮೆ ಸೀರೆ ಯಾವ ಪ್ರೋಗ್ರಾಮಿಗೂ ಬೇಡ, ಮಷೀನ್ ಮೇಲೆ ಸಿಲ್ಕ್ ಅಂತ ಬರೆದಿದ್ರೂ ಬೇಡ, ಹತ್ತು ಸಾವಿರದ ಸೀರೆ ಮೇಲೆ ಅದನ್ನ ಟೆಸ್ಟ್ ಮಾಡೋಕೆ ಹೋಗಬೇಡಿ.

ಒಂದು ಮಾತ್ರ ಕೈ ಮುಗಿದು ಹೇಳ್ತೀನಿ, ರೈನ್‌ಕೋಟು, ಹಾಸಿಗೆ ಮೇಲೆ ಹಾಕೋ ವಾಟರ್‌ಪ್ರೂಫ್ ಶೀಟು, ಇವನ್ನ ಸ್ಪಿನ್ನಿಗೆ ಹಾಕಬೇಡಿ. ನೀರು ಬಟ್ಟೆಯಿಂದ ಆಚೆ ಬರೋಕಾಗದೆ ಚೀಲದಲ್ಲಿ ನಿಂತಂಗೆ ಒಂದು ಕಡೆ ನಿಲ್ಲತ್ತೆ, ಫುಲ್ ಸ್ಪೀಡಲ್ಲಿ ಇರೋವಾಗ ಒಂದೇ ಸಲ ಜಾರಿದ್ರೆ ಡ್ರಮ್ ಪೂರ್ತಿ ಹೊಡ್ಕೊಳ್ಳತ್ತೆ, ಸ್ಪ್ರಿಂಗ್ ಕಿತ್ತು ಮೇಲಿನ ಮುಚ್ಚಳ ಎದ್ದಿರೋ ಮಷೀನ್ ನಾನೇ ಬಿಚ್ಚಿದೀನಿ. ಒಂದೇ ಒಂದು ದಪ್ಪ ಕಾಲೊರಸು ಹಾಕಿದಾಗ ಬಟ್ಟೆ ನೀರು ಸೋರ್ತಾ ಆಚೆ ಬಂದು `UE` ಅಥವಾ `Ub` ಅಂತ ತೋರಿಸಿದ್ರೆ ಅದು ಕೆಟ್ಟಿಲ್ಲ, ತೂಕ ಒಂದು ಕಡೆ ಆಗಿದೆ ಅಂತ ತಾನಾಗೇ ನಿಂತಿದೆ, ಎರಡು ಟವಲ್ ಜೊತೆಗೆ ಹಾಕಿ.

ಆ ಮನೇಲಿ ಮಾಡಿದ್ದೇನು ಅಂದ್ರೆ, ರಬ್ಬರ್ ಮಡಿಕೆ ಒರೆಸಿ, ಬಟ್ಟೆ ಹಾಕದೆ ಡ್ರಮ್ಮಿಗೆ 100 ಗ್ರಾಂ ನಿಂಬೆ ಉಪ್ಪು ಹಾಕಿ ಕಾಟನ್ 60ಕ್ಕೆ ಒಂದ್ಸಲ ಓಡಿಸಿದೆ. ಅವರದ್ದು ಬೋರ್ ನೀರು, ಬಿಸಿ ಮಾಡಿದ್ರೆ ಹೀಟರ್ ಮೇಲೆ ಸುಣ್ಣ ಕಟ್ಟತ್ತೆ, ಈಗ ಬಿಸಿ ಜಾಸ್ತಿ ಬಳಸೋರಾದ್ದರಿಂದ ಇದನ್ನ ಮೂರು ತಿಂಗಳಿಗೊಮ್ಮೆ ಮಾಡಿ ಅಂದೆ. ಓಡ್ತಿರುವಾಗ ಅರ್ಧ ಗಂಟೆ ಆದ್ಮೇಲೆ ಅಮ್ಮನ ಕೈ ಹಿಡಿದು ಗ್ಲಾಸ್ ಮುಟ್ಟಿಸಿದೆ, ಕೈ ಇಡೋಕಾಗದಷ್ಟು ಬಿಸಿ ಇತ್ತು. 60ಕ್ಕೆ ಇಟ್ಟೂ ಅಷ್ಟೊತ್ತಿಗೆ ಗ್ಲಾಸ್ ತಣ್ಣಗೇ ಇದ್ರೆ ಹೀಟರ್ ಹೋಗಿದೆ ಅಂತ, ಆಗ ನಮ್ಮಂಥವರನ್ನ ಕರೀರಿ. ಆಮೇಲೆ ದಿಂಬಿನ ಕವರ್ರು, ಟವಲ್ಲು ನಾಲ್ಕು ಕೆಜಿ ಹಾಕಿ, ಕಾಟನ್, 60, ಸ್ಪಿನ್ 1000. ಎರಡೂ ಕಾಲು ಗಂಟೆ ತಗೊಂತು. "ಇಷ್ಟೊತ್ತಾ?" ಅಂದ್ರು, ಹೌದು, ಹೊತ್ತು ಕೊಟ್ರೆ ಸೋಪು ಕಮ್ಮಿ ಸಾಕಾಗತ್ತೆ ಅಂತ ಪೌಡ್ರನ್ನ ಅರ್ಧಕ್ಕೆ ಇಳಿಸಿದೆ.

ಮೂರು ವಾರ ಬಿಟ್ಟು ಫೋನ್ ಮಾಡಿದ್ರು. ಟವಲ್ ವಾಸನೆ ಮೊದಲ ಸಲಕ್ಕೇ ಹೋಯ್ತಂತೆ, ದಿಂಬಿನ ಕವರ್ ಆರರಲ್ಲಿ ನಾಲ್ಕು ಸರಿ ಹೋದ್ವಂತೆ. ಉಳಿದೆರಡು ಹಳೇವು, ಎಣ್ಣೆ ಒಣಗಿ ಹಳದಿ ಅಂಟಾಗಿ ಹೋಗಿತ್ತು, ಅದು 60ಕ್ಕೂ ಬಿಡಲ್ಲ, ಸೋಪಿಗೂ ಬಿಡಲ್ಲ. ಅವೆರಡನ್ನ ನೆಲ ಒರೆಸೋಕೆ ಹಾಕ್ಕೊಳ್ಳಿ ಅಮ್ಮಾ ಅಂದೆ.