ಸಹಿ ಹಾಕದ ಒಪ್ಪಂದ, ಕಳಿಸಬಾರದ ಮನುಷ್ಯ: ನಾನ್-ರಿಫೌಲ್‌ಮೆಂಟ್ ಪ್ರಶ್ನೆ ಬಿಡಿಸುವುದು

ತುಮಕೂರಿನಲ್ಲಿ ಎಲ್‌ಎಲ್‌ಬಿ ಓದುತ್ತಿರುವ ನಮ್ಮ ಗುಂಪು ಈ ವಾರ ನಾನ್-ರಿಫೌಲ್‌ಮೆಂಟ್, ಅಂದರೆ ಅಪಾಯ ಕಾದಿರುವ ಕಡೆಗೆ ಒಬ್ಬನನ್ನು ವಾಪಸ್ ಕಳಿಸಬಾರದು ಎಂಬ ತತ್ವದ ಮೇಲಿನ ಒಂದೇ ಸಮಸ್ಯೆ ಪ್ರಶ್ನೆ ಹಿಡಿದು ಕೂತಿತ್ತು. ಅದರ ಟಿಪ್ಪಣಿ ಇದು. ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಪ್ರಶ್ನೆ ಹೀಗಿದೆ. ‘ಕ’ ಎಂಬ ದೇಶದ ಪತ್ರಕರ್ತನೊಬ್ಬ ಅಲ್ಲಿನ ಸೇನಾ ಆಡಳಿತದ ವಿರುದ್ಧ ಬರೆದ. ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರನ್ನು ಸೇನೆ ಹಿಡಿದು ಚಿತ್ರಹಿಂಸೆ ಕೊಟ್ಟಿತು. ಅವನು ಭಾರತಕ್ಕೆ ಬಂದ. ವೀಸಾ ಮುಗಿಯಿತು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಗ ಪೊಲೀಸರು ಹಿಡಿದರು. ಈಗ ‘ಕ’ ದೇಶಕ್ಕೇ ವಾಪಸ್ ಕಳಿಸುವ ಆದೇಶ ಬಂದಿದೆ. ಸರ್ಕಾರ ಹೇಳುವುದು ಒಂದೇ ಮಾತು: ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲ. ನೀವು ಅವನ ವಕೀಲರು. ಏನು ವಾದ ಮಾಡುತ್ತೀರಿ?

ನಮ್ಮಲ್ಲಿ ಬಹಳ ಜನ 1951ರ ಒಪ್ಪಂದದ 33ನೇ ವಿಧಿಯಿಂದ ಶುರು ಮಾಡಿ ಎರಡು ಪುಟ ತುಂಬಿಸುತ್ತಾರೆ. ಆ ವಿಧಿ ಗೊತ್ತಿರಲೇಬೇಕು, ನಿಜ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ: ಈ ಐದರಲ್ಲಿ ಯಾವ ಕಾರಣಕ್ಕಾದರೂ ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆ ನಿರಾಶ್ರಿತರನ್ನು ವಾಪಸ್ ಕಳಿಸಬಾರದು ಎನ್ನುತ್ತದೆ ಅದು. ನಮ್ಮ ಪತ್ರಕರ್ತ ಐದನೆಯದರಲ್ಲಿ ಬರುತ್ತಾನೆ. ಆದರೆ ಭಾರತ ಈ ಒಪ್ಪಂದಕ್ಕೂ ಸೇರಿಲ್ಲ, 1967ರ ಪ್ರೋಟೋಕಾಲ್‌ಗೂ ಸೇರಿಲ್ಲ. ಸೇರದ ದೇಶವನ್ನು ಒಪ್ಪಂದ ಕಟ್ಟಿಹಾಕುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುವುದೇ ಒಳ್ಳೆಯದು. ಸರ್ಕಾರದ ಗಟ್ಟಿ ವಾದದ ಮೇಲೆ ಸುಮ್ನೆ ಗುದ್ದಾಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಭಾರತ ಯಾವ ಒಪ್ಪಂದಕ್ಕೆ ಸೇರಿದೆ? ಉತ್ತರ ತಿರುಗುವುದೇ ಇಲ್ಲಿ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಲ್ಲೇ ಸೇರಿದೆ. ಅದರ 6ನೇ ವಿಧಿ ಜೀವದ ಹಕ್ಕಿನದು. 7ನೇ ವಿಧಿ ಚಿತ್ರಹಿಂಸೆಯನ್ನು ನಿಷೇಧಿಸುತ್ತದೆ. ‘ವಾಪಸ್ ಕಳಿಸಬಾರದು’ ಎಂಬ ಮಾತು ಈ ವಿಧಿಗಳಲ್ಲಿ ಇಲ್ಲ. ಆದರೆ ಒಡಂಬಡಿಕೆಯ ಮಾನವ ಹಕ್ಕುಗಳ ಸಮಿತಿ 2004ರ ತನ್ನ 31ನೇ ಸಾಮಾನ್ಯ ಟಿಪ್ಪಣಿಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಸರಿಪಡಿಸಲಾಗದಂಥ ಹಾನಿಯ ನಿಜವಾದ ಅಪಾಯವಿದೆ ಎಂದು ನಂಬಲು ಬಲವಾದ ಕಾರಣ ಇದ್ದರೆ, ಅಂಥ ಕಡೆ ಒಬ್ಬನನ್ನು ಕಳಿಸುವುದೇ ಒಡಂಬಡಿಕೆಯ ಉಲ್ಲಂಘನೆ. ಇದಕ್ಕೆ ಅವನು ‘ನಿರಾಶ್ರಿತ’ ಎಂದು ಸಾಬೀತಾಗಬೇಕಿಲ್ಲ. ಮನುಷ್ಯನಾಗಿದ್ದರೆ ಸಾಕು.

ಸರ್ಕಾರ ತಕ್ಷಣ ಇದೇ ಒಡಂಬಡಿಕೆಯ 13ನೇ ವಿಧಿ ತೋರಿಸುತ್ತದೆ. ವಿದೇಶಿಯರನ್ನು ಹೊರಹಾಕುವ ವಿಧಾನದ ಬಗ್ಗೆ ಇರುವ ವಿಧಿ ಅದು. ವಿದೇಶಿಯರ ವಿಷಯದಲ್ಲಿ ತನ್ನ ಕಾನೂನನ್ನೇ ಅನ್ವಯಿಸುವ ಹಕ್ಕನ್ನು ಭಾರತ ಅದರ ಮೇಲೆ ಕಾಯ್ದಿರಿಸಿಕೊಂಡಿದೆ. ಸರಿ. ಆದರೆ 6 ಮತ್ತು 7ನೇ ವಿಧಿಗಳಿಗೆ ಅಂಥ ಯಾವ ಷರತ್ತನ್ನೂ ಹಾಕಿಲ್ಲ. ಹೇಗೆ ಕಳಿಸಬೇಕು ಎಂಬುದರಲ್ಲಿ ಕಾಯ್ದಿರಿಸಿದ ಹಕ್ಕು, ಚಿತ್ರಹಿಂಸೆ ಇರುವ ಕಡೆಗೆ ಕಳಿಸಲು ಅನುಮತಿಯಾಗುವುದಿಲ್ಲ. ಇಡೀ ಉತ್ತರದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ವಾಕ್ಯ ಇದೇ. ಇನ್ನು ಚಿತ್ರಹಿಂಸೆ ವಿರುದ್ಧದ ಒಪ್ಪಂದ. ಅದರ 3ನೇ ವಿಧಿ ನೇರವಾಗಿಯೇ ‘ಕಳಿಸಬಾರದು’ ಎನ್ನುತ್ತದೆ. ಆದರೆ ಭಾರತ 1997ರಲ್ಲಿ ಸಹಿ ಹಾಕಿ, ಅನುಮೋದನೆ ಮಾಡದೆ ಬಿಟ್ಟಿದೆ. ಪೋಷಕ ವಾದವಾಗಿ ಬಳಸಿ, ಅದರ ಮೇಲೇ ಕಟ್ಟಡ ಕಟ್ಟಬೇಡಿ.

ಈಗ ದೇಶದೊಳಗಿನ ಕಾನೂನು. ಒಪ್ಪಂದಕ್ಕೆ ಸೇರಿದ ಮಾತ್ರಕ್ಕೆ ಅದು ನಮ್ಮ ಕೋರ್ಟಿನಲ್ಲಿ ತಾನಾಗಿ ಕಾನೂನಾಗುವುದಿಲ್ಲ. 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು ಇದೇ ಒಡಂಬಡಿಕೆಯ ಬಗ್ಗೆ ಇದನ್ನು ಹೇಳಿದೆ. ಹಾಗಾಗಿ ಬಾಗಿಲು ಸಂವಿಧಾನದ 21ನೇ ವಿಧಿ. ಅದು ‘ನಾಗರಿಕ’ ಎನ್ನುವುದಿಲ್ಲ, ‘ಯಾವುದೇ ವ್ಯಕ್ತಿ’ ಎನ್ನುತ್ತದೆ. 1996ರ ಚಕ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು ಅರುಣಾಚಲದ ಚಕ್ಮಾಗಳ ಜೀವ ಕಾಪಾಡಲು ಆದೇಶ ಕೊಟ್ಟಿತು. ದೇಶದ ಕಾನೂನಿಗೆ ಡಿಕ್ಕಿ ಹೊಡೆಯದಿದ್ದರೆ, ಮೂಲಭೂತ ಹಕ್ಕಿನ ಅರ್ಥ ತಿಳಿಯಲು ಒಪ್ಪಂದಗಳನ್ನು ಬಳಸಬಹುದು ಎಂದು 1997ರ ವಿಶಾಖಾ ತೀರ್ಪು ಹೇಳುತ್ತದೆ.

ಡಿಕ್ಕಿ ಇದೆಯಾ? ವಿದೇಶಿಯರ ಕಾಯ್ದೆ (ಹಿಂದೆ 1946ರದು, ಈಗ ಅದರ ಜಾಗದಲ್ಲಿ 2025ರದು) ಸರ್ಕಾರಕ್ಕೆ ಹೊರಹಾಕುವ ಅಧಿಕಾರ ಕೊಡುತ್ತದೆ. 1955ರ ಹ್ಯಾನ್ಸ್ ಮುಲ್ಲರ್ ತೀರ್ಪು ಆ ಅಧಿಕಾರಕ್ಕೆ ಅಂಕೆಯೇ ಇಲ್ಲ ಎಂದಿದೆ. ಸರ್ಕಾರದ ಬಲ ಇಲ್ಲಿದೆ, ಮುಚ್ಚಿಡಬೇಡಿ. ನಮ್ಮ ಉತ್ತರ ಇದು: ನಾನ್-ರಿಫೌಲ್‌ಮೆಂಟ್ ‘ಇವನನ್ನು ಇಲ್ಲೇ ಇಟ್ಟುಕೊಳ್ಳಿ’ ಎನ್ನುವುದಿಲ್ಲ. ‘ಆ ಜಾಗಕ್ಕೆ ಕಳಿಸಬೇಡಿ’ ಎನ್ನುತ್ತದೆ, ಅಷ್ಟೇ. ಸುರಕ್ಷಿತವಾದ ಬೇರೆ ದೇಶ ಒಪ್ಪಿದರೆ ಅಲ್ಲಿಗೆ ಕಳಿಸಬಹುದು. ಹೊರಹಾಕುವ ಅಧಿಕಾರ ಉಳಿಯುತ್ತದೆ. ಎಲ್ಲಿಗೆ ಎಂಬುದಕ್ಕೆ ಮಾತ್ರ ಒಂದು ಗೆರೆ ಬೀಳುತ್ತದೆ.

ಇನ್ನು ಎಲ್ಲರೂ ಎಡವುವ ಪ್ರಕರಣ: ಮೊಹಮ್ಮದ್ ಸಲೀಮುಲ್ಲಾ, 8 ಏಪ್ರಿಲ್ 2021. ಜಮ್ಮುವಿನಲ್ಲಿ ಹಿಡಿದಿಟ್ಟಿದ್ದ ರೋಹಿಂಗ್ಯಾಗಳ ವಿಷಯ. ‘ಭಾರತದಲ್ಲಿ ನಾನ್-ರಿಫೌಲ್‌ಮೆಂಟ್ ಇಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು’ ಎಂದು ಗೈಡುಗಳಲ್ಲಿ ಓದಿರುತ್ತೀರಿ, ಅಲ್ವಾ? ಆದೇಶವನ್ನೇ ಓದಿ ನೋಡಿ. ಅದು ಮಧ್ಯಂತರ ಅರ್ಜಿಯ ಮೇಲಿನ ಆದೇಶ. 14 ಮತ್ತು 21ನೇ ವಿಧಿ ಎಲ್ಲರಿಗೂ ಇದೆ ಎಂದು ಕೋರ್ಟ್ ಒಪ್ಪಿತು. ಆದರೆ ಗಡೀಪಾರಾಗದಿರುವ ಹಕ್ಕು 19(1)(ಇ) ವಿಧಿಯ ವಾಸದ ಹಕ್ಕಿಗೆ ಅಂಟಿಕೊಂಡದ್ದು, ಅದು ನಾಗರಿಕರಿಗೆ ಮಾತ್ರ ಎಂದಿತು. ಕೇಳಿದ ಮಧ್ಯಂತರ ಪರಿಹಾರ ಕೊಡಲಿಲ್ಲ. ಕೊನೆಯಲ್ಲಿ, ನಿಗದಿತ ವಿಧಾನ ಪಾಲಿಸದೆ ಗಡೀಪಾರು ಮಾಡಬಾರದು ಎಂದು ಸ್ಪಷ್ಟಪಡಿಸಿತು. ವಾಸದ ಹಕ್ಕು ಬೇರೆ, ಚಿತ್ರಹಿಂಸೆಗೆ ಒಪ್ಪಿಸದಿರುವ ಹಕ್ಕು ಬೇರೆ. ನಮ್ಮ ಪತ್ರಕರ್ತ ಕೇಳುತ್ತಿರುವುದು ಎರಡನೆಯದನ್ನು. ಈ ವ್ಯತ್ಯಾಸ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಅದೇ ವರ್ಷ ಮೇ 3ರಂದು ನಂದಿತಾ ಹಕ್ಸರ್ ಪ್ರಕರಣದಲ್ಲಿ ಮಣಿಪುರ ಹೈಕೋರ್ಟ್ ಈ ತತ್ವ 21ನೇ ವಿಧಿಯೊಳಗೇ ಬರುತ್ತದೆ ಎಂದಿತು. ಮ್ಯಾನ್ಮಾರ್‌ನಿಂದ ಓಡಿಬಂದ ಏಳು ಜನ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ರಕ್ಷಣೆ ಕೇಳಲು ದಾರಿ ಮಾಡಿಕೊಟ್ಟಿತು. ಹೈಕೋರ್ಟ್ ತೀರ್ಪು ಸುಪ್ರೀಂ ಕೋರ್ಟ್ ಆದೇಶವನ್ನು ಮೀರುವುದಿಲ್ಲ ಎಂಬುದನ್ನೂ ಜೊತೆಗೇ ಬರೆಯಿರಿ.

ಪ್ರಶ್ನೆಯ ಕೊನೆಗೆ ಒಂದು ತಿರುವು ಇತ್ತು: ಪತ್ರಕರ್ತನಿಗೆ ಇಲ್ಲಿ ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ? 1951ರ ಒಪ್ಪಂದದ 33(2)ರ ಪ್ರಕಾರ, ದೇಶದ ಭದ್ರತೆಗೆ ಅಪಾಯಕಾರಿಯಾದವನಿಗೂ, ತೀರಾ ಗಂಭೀರ ಅಪರಾಧದಲ್ಲಿ ಅಂತಿಮ ಶಿಕ್ಷೆಯಾಗಿ ಸಮಾಜಕ್ಕೆ ಅಪಾಯವಾದವನಿಗೂ ಆ ರಕ್ಷಣೆ ಸಿಗುವುದಿಲ್ಲ. ಚಿತ್ರಹಿಂಸೆಯ ನಿಷೇಧಕ್ಕೆ ಇಂಥ ವಿನಾಯಿತಿಯೇ ಇಲ್ಲ. 1996ರ ಚಹಲ್ ಪ್ರಕರಣ ನೋಡಿ. ಭದ್ರತೆಯ ಕಾರಣ ಹೇಳಿ ಬ್ರಿಟನ್ ಒಬ್ಬ ಸಿಖ್ಖನನ್ನು ಭಾರತಕ್ಕೆ ಕಳಿಸಲು ಹೊರಟಿತ್ತು. ಅವನ ಮೇಲಿನ ಆರೋಪ ಏನೇ ಇರಲಿ, ಚಿತ್ರಹಿಂಸೆಯ ನಿಜವಾದ ಅಪಾಯವಿದ್ದರೆ ಕಳಿಸುವಂತಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಆ ತೀರ್ಪು ನಮ್ಮ ಕೋರ್ಟುಗಳಿಗೆ ಕಡ್ಡಾಯವಲ್ಲ, ತರ್ಕವನ್ನು ಮಾತ್ರ ತೆಗೆದುಕೊಳ್ಳಬಹುದು. 1951ರ ಒಪ್ಪಂದಕ್ಕೆ ಸೇರಿದ ದೇಶದಲ್ಲೂ ವಕೀಲರು ಹಲವು ಸಲ ಮಾನವ ಹಕ್ಕುಗಳ ಒಪ್ಪಂದದ ಕಡೆಗೇ ತಿರುಗುವುದು ಇದೇ ಕಾರಣಕ್ಕೆ.

ಪರಿಹಾರ ಕೇಳುವಾಗ ನೆಲದ ಮೇಲೆ ಇರಿ. ಒಡಂಬಡಿಕೆಯ ಮಾನವ ಹಕ್ಕುಗಳ ಸಮಿತಿಗೆ ವೈಯಕ್ತಿಕ ದೂರು ಕೊಡಲು ಬರುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಐಚ್ಛಿಕ ಪ್ರೋಟೋಕಾಲ್‌ಗೆ ಭಾರತ ಸೇರಿಲ್ಲ. 226ನೇ ವಿಧಿಯಡಿ ಕರ್ನಾಟಕ ಹೈಕೋರ್ಟಿಗೆ ರಿಟ್ ಹಾಕಬೇಕು. ‘ಕ’ ದೇಶದಲ್ಲಿ ಪರಿಸ್ಥಿತಿ ಕೆಟ್ಟದಾಗಿದೆ ಎಂದಷ್ಟೇ ಹೇಳಿದರೆ ಸಾಲದು. ಅಪಾಯ ಇವನಿಗೇ ಇದೆ ಎಂದು ತೋರಿಸಬೇಕು: ಅವನ ಹೆಸರಿರುವ ಲೇಖನಗಳು, ಸಹೋದ್ಯೋಗಿಗಳಿಗೆ ಆದದ್ದರ ದಾಖಲೆ, ಅವನ ಮನೆಗೆ ಬಂದ ಸಮನ್ಸ್. ಬೇಡಿಕೆಯನ್ನೂ ಅಳತೆಯಲ್ಲಿ ಬರೆಯಿರಿ. ಇವನ ಭಯವನ್ನು ಅಧಿಕಾರಿಗಳು ವಿಚಾರಿಸಿ ಕಾರಣ ಸಮೇತ ಆದೇಶ ಕೊಡುವವರೆಗೆ ‘ಕ’ ದೇಶಕ್ಕೆ ಕಳಿಸಬಾರದು, ಅಲ್ಲಿಯತನಕ ನಿರಾಶ್ರಿತರ ಕಚೇರಿಗೆ ಅರ್ಜಿ ಹಾಕಲು ಅವಕಾಶ ಕೊಡಬೇಕು.