ರಕ್ತ ಕೊಟ್ಟರೆ ಸುಸ್ತಾಗಲ್ವಾ? ಹೋದ ರಕ್ತ ಮತ್ತೆ ಊರುತ್ತಾ?

(ಮಂಡ್ಯದ ಕಾಲೇಜೊಂದರ ರಕ್ತದಾನ ಶಿಬಿರದಲ್ಲಿ ಬಿಎಸ್ಸಿ ಎಂಎಲ್‌ಟಿ ಕೊನೆಯ ವರ್ಷದ ವಿದ್ಯಾರ್ಥಿನಿ ಆಡಿದ ಮಾತು)

ಪ್ರಿನ್ಸಿಪಾಲ್ ಮೇಡಂಗೆ, ಎನ್‌ಎಸ್‌ಎಸ್ ಸರ್‌ಗೆ, ಬ್ಲಡ್ ಬ್ಯಾಂಕಿಂದ ಬಂದಿರೋ ಡಾಕ್ಟರ್‌ಗೆ, ಸಿಸ್ಟರ್‌ಗಳಿಗೆ ನಮಸ್ಕಾರ. ಸ್ನೇಹಿತರೇ, ಲೈಬ್ರರಿ ಬಾಗಿಲ ಹತ್ರ ಒಂದು ಡಬ್ಬ ಇಟ್ಟು, ರಕ್ತದಾನದ ಬಗ್ಗೆ ಏನು ಅನುಮಾನ ಇದ್ರೂ ಬರೆದು ಹಾಕಿ, ಹೆಸರು ಬೇಡ ಅಂದಿದ್ವಿ. ಹಾಕಿದ್ದೀರ, ಸಂತೋಷ. ಆದ್ರೆ ಮುಕ್ಕಾಲು ಪಾಲು ಚೀಟಿಯಲ್ಲಿ ಒಂದೇ ಪ್ರಶ್ನೆ: ರಕ್ತ ಕೊಟ್ಟರೆ ಸುಸ್ತಾಗಲ್ವಾ, ಹೋದ ರಕ್ತ ಮತ್ತೆ ಊರುತ್ತಾ? ಹೋದ ವರ್ಷವೂ ಇದೇ ಕೇಳಿದ್ರಿ. ಈ ವಾರ ಕ್ಲಾಸ್ ಕ್ಲಾಸಿಗೂ ಹೋಗಿ ಇದಕ್ಕೇ ಉತ್ತರ ಹೇಳಿ ಗಂಟಲು ಕಟ್ಟಿದೆ. ಇವತ್ತು ಮೈಕ್ ಸಿಕ್ಕಿದೆ, ಪೂರ್ತಿ ಹೇಳಿಬಿಡ್ತೀನಿ.

ಮಿಕ್ಕ ಚೀಟಿಗಳಿಗೆ ಒಂದೊಂದೇ ಮಾತು. ಸೂಜಿಯಿಂದ ಕಾಯಿಲೆ ಬರಲ್ಲ. ಸೂಜಿ ರಕ್ತ ತುಂಬೋ ಬ್ಯಾಗಿಗೆ ಸೇರಿಕೊಂಡೇ ಬರುತ್ತೆ, ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬಳಸೋಕೆ ದಾರಿಯೇ ಇಲ್ಲ. ಮಾಂಸ ತಿನ್ನದವರೂ ಕೊಡಬಹುದು. 18 ವರ್ಷ ತುಂಬಿರಬೇಕು, ತೂಕ 45 ಕೆಜಿ ಇರಬೇಕು. ಹೊಸದಾಗಿ ಟ್ಯಾಟೂ ಹಾಕಿಸಿಕೊಂಡಿರೋರು ಅದನ್ನ ಫಾರಂನಲ್ಲಿ ಬರೀರಿ, ತೋಳು ಮುಚ್ಚಿಕೊಂಡು ಬರಬೇಡಿ, ಒಂದು ವರ್ಷ ಬಿಟ್ಟು ಕೊಟ್ಟರಾಯ್ತು.

ಈಗ ಸುಸ್ತಿನ ವಿಚಾರ. ಇದು ನಮ್ಮ ಅಜ್ಜಿ ಕಾಲದ ನಂಬಿಕೆ, ನಿಜವಾಗ್ಲೂ ನಮ್ಮ ಅಜ್ಜಿದೇ. "ಒಂದ್ ತೊಟ್ಟು ರಕ್ತ ಊರ್ಬೇಕಾದ್ರೆ ಎಷ್ಟ್ ಮುದ್ದೆ ಉಣ್ಬೇಕು ಗೊತ್ತೇನವ್ವ?" ಅಂತಾರೆ. ಅವರ ಲೆಕ್ಕದಲ್ಲಿ ರಕ್ತ ಅನ್ನೋದು ಹುಟ್ಟಿದಾಗಿಂದ ಕೂಡಿಟ್ಟ ಗಂಟು, ತೆಗೆದರೆ ಮುಗೀತು. ನಿಮ್ಮ ಚೀಟಿಗಳಲ್ಲಿ ಇರೋದೂ ಅದೇ ಲೆಕ್ಕ, ಅಕ್ಷರ ಮಾತ್ರ ಚೆನ್ನಾಗಿದೆ.

ಒಬ್ಬ ಹುಡುಗನ್ನ ತಗೊಳ್ಳೋಣ, ತೂಕ 52 ಕೆಜಿ. ಗಂಡಸರಿಗೆ ಕೆಜಿಗೆ ಸುಮಾರು 70 ಮಿಲಿಯಂತೆ ಅವನ ಮೈಯಲ್ಲಿ ಹತ್ತಿರಹತ್ತಿರ 3,600 ಮಿಲಿ ರಕ್ತ ಇದೆ. ಅವನಿಂದ ತೆಗೆಯೋದು 350 ಮಿಲಿ, ಅಂದ್ರೆ ಹತ್ತರಲ್ಲಿ ಒಂದು ಪಾಲು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಪ್ಲಾಸ್ಮಾ, ನೀರಿನ ಅಂಶವೇ ಜಾಸ್ತಿ ಇರೋ ಹಳದಿ ದ್ರವ. ನೀರು ಕುಡಿದು, ಊಟ ಮಾಡಿ ಮಲಗಿದರೆ ಒಂದೆರಡು ದಿನದಲ್ಲಿ ಆ ಪಾಲು ತುಂಬಿಕೊಳ್ಳುತ್ತೆ. ಉಳಿದದ್ದು ಕೆಂಪು ಕಣ. ಕೆಂಪು ಕಣದ ಆಯಸ್ಸೇ ಸುಮಾರು 120 ದಿನ. ನೀವು ರಕ್ತ ಕೊಡಿ ಬಿಡಿ, ಪ್ರತಿದಿನ 120ರಲ್ಲಿ ಒಂದು ಪಾಲು ಕಣ ಸಾಯುತ್ತೆ, ಅಷ್ಟೇ ಕಣ ಮೂಳೆ ಮಜ್ಜೆಯಲ್ಲಿ ಹುಟ್ಟುತ್ತೆ. ನಮ್ಮ ಹುಡುಗನ ಲೆಕ್ಕದಲ್ಲಿ ದಿನಕ್ಕೆ 30 ಮಿಲಿ ರಕ್ತಕ್ಕೆ ಸಾಲುವಷ್ಟು. ಅವನು ಇವತ್ತು ಕೊಟ್ಟ ಬ್ಯಾಗು ಅವನ ಮೈ ಹನ್ನೆರಡು ದಿನದಲ್ಲಿ ಹೇಗಿದ್ರೂ ಸಾಯಿಸಿ ಹುಟ್ಟಿಸೋ ರಕ್ತ. ಕನ್ನಂಬಾಡಿಯಲ್ಲಿ ಒಳಹರಿವು, ಹೊರಹರಿವು ಅಂತ ದಿನಾ ಪೇಪರಲ್ಲಿ ಓದ್ತೀರಲ್ಲ, ಹಾಗೆ. ನಾಲೆಗೆ ಬಿಡಲ್ಲ ಅಂತ ಹಿಡಿದಿಟ್ಟ ನೀರಲ್ಲ ಇದು.

ಕೊಟ್ಟ ಮೇಲೆ ಆ ಒಳಹರಿವು ಜಾಸ್ತಿ ಆಗುತ್ತೆ. ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಕಡಿಮೆ ಆಯ್ತು ಅಂತ ಮೊದಲು ಗೊತ್ತಾಗೋದು ಮೂತ್ರಪಿಂಡಕ್ಕೆ. ಅದು ಎರಿತ್ರೋಪೊಯೆಟಿನ್ ಅನ್ನೋ ಹಾರ್ಮೋನನ್ನ ಹೆಚ್ಚು ಬಿಡುತ್ತೆ, ಮಜ್ಜೆ ಕೆಲಸ ಜೋರು ಮಾಡುತ್ತೆ. ಕೆಲವೇ ದಿನಕ್ಕೆ ಎಳೇ ಕಣಗಳು ರಕ್ತದಲ್ಲಿ ಹೆಚ್ಚಾಗೋದು ಮೈಕ್ರೋಸ್ಕೋಪಲ್ಲೇ ಕಾಣುತ್ತೆ. ಒಂದರಿಂದ ಎರಡು ತಿಂಗಳಲ್ಲಿ ಕಣಗಳ ಲೆಕ್ಕ ಮೊದಲಿನಂತಾಗುತ್ತೆ.

"ಮತ್ತೆ ಅವನು ಬಿದ್ದನಲ್ಲ?" ಅಂತ ಹಿಂದಿನ ಬೆಂಚಿನವರು ಗೊಣಗ್ತಿದ್ದೀರ. ಗೊತ್ತು, ಬಂದೆ ಅಲ್ಲಿಗೇ. ಹೋದ ಸಲದ ಶಿಬಿರದಲ್ಲಿ ನಮ್ಮ ಸೀನಿಯರ್ ಒಬ್ರು ಬಿದ್ದರು, ಕಬಡ್ಡಿ ಆಡೋ ಗಟ್ಟಿ ಆಳು. ಅವತ್ತಿಂದ ಈ ಕಾಲೇಜಿನಲ್ಲಿ ಅದೇ ಕತೆ. ನಾನು ಅವತ್ತು ಬಿಸ್ಕೆಟ್ ಟೇಬಲ್ ಹತ್ರನೇ ಇದ್ದೆ. ಬೆಳಗ್ಗೆ ತಿಂಡಿ ತಿಂದಿರಲಿಲ್ಲ ಆ ಪುಣ್ಯಾತ್ಮ. ಬ್ಯಾಗ್ ತುಂಬಿದ ಕೂಡ್ಲೆ, ಸಿಸ್ಟರ್ ಮಲಗಿ ಅಂದ್ರೂ ಕೇಳದೆ ಎದ್ದು ಬಂದರು. ಮೊದಲು ಎರಡು ಸಲ ಆಕಳಿಸಿದರು. ಆಮೇಲೆ ಮೇಲ್ದುಟಿ ಮೇಲೆ ಬೆವರು, ಮುಖ ಬಿಳಿಚಿತು, "ಕಣ್ಣು ಮಂಜಾಗ್ತಿದೆ" ಅಂದವರೇ ಕುಸಿದರು. ಸಿಸ್ಟರ್ ಬಂದು ನೆಲದ ಮೇಲೇ ಮಲಗಿಸಿ, ಕಾಲೆತ್ತಿ ಕುರ್ಚಿ ಮೇಲಿಟ್ಟು, ನಾಡಿ ಹಿಡಿದರು. ನಾಡಿ ನಿಧಾನ ಇತ್ತು.

ಆ ನಾಡಿ ಒಂದೇ ಸಾಕು ಈ ಸುಳ್ಳನ್ನ ಹೂಳೋಕೆ. ರಕ್ತ ಹೋಗಿ ಹೋಗಿ ನಿತ್ರಾಣ ಆದವರ ನಾಡಿ ಓಡುತ್ತೆ, ಇರೋ ಸ್ವಲ್ಪ ರಕ್ತವನ್ನೇ ಬೇಗ ಬೇಗ ಸುತ್ತಿಸೋಕೆ ಹೃದಯ ಜೋರಾಗಿ ಬಡಿಯುತ್ತೆ. ಆಕ್ಸಿಡೆಂಟ್ ಕೇಸಲ್ಲಿ ನೋಡೋದು ಅದನ್ನ. ಇಲ್ಲಿ ನಾಡಿ ನಿಧಾನ ಆಗಿತ್ತು, ಅಂದ್ರೆ ಇದು ನರದ ಆಟ. ಹೆದರಿಕೆ, ಖಾಲಿ ಹೊಟ್ಟೆ, ತಟ್ಟನೆ ಎದ್ದು ನಿಲ್ಲೋದು ಸೇರಿದಾಗ ವೇಗಸ್ ಅನ್ನೋ ನರ ಹೃದಯವನ್ನ ನಿಧಾನ ಮಾಡುತ್ತೆ, ಜೊತೆಗೇ ರಕ್ತನಾಳಗಳು ಸಡಿಲ ಆಗಿ ಕಾಲಿನ ಕಡೆ ರಕ್ತ ನಿಲ್ಲುತ್ತೆ. ಅರೆಗಳಿಗೆ ಮಿದುಳಿಗೆ ರಕ್ತ ಸಾಲಲ್ಲ, ಮನುಷ್ಯ ಬೀಳ್ತಾನೆ. ಬಿದ್ದ ಮೇಲೆ ತಲೆ ಹೃದಯದ ಮಟ್ಟಕ್ಕೆ ಬರುತ್ತಲ್ಲ, ಅಲ್ಲಿಗೆ ಸರಿಹೋಗೋಕೆ ಶುರು. ಸ್ವಲ್ಪ ಹೊತ್ತಿಗೆ ನಮ್ಮ ಸೀನಿಯರ್ ಎದ್ದು ಕೂತು ಜ್ಯೂಸ್ ಕುಡಿದರು.

ಕತೆ ಹೇಳೋರು ಬಿಟ್ಟುಬಿಡೋ ಭಾಗ ಒಂದಿದೆ. ಅವರ ಕಾಲೇಜ್ ಬ್ಯಾಗ್ ಹಿಡ್ಕೊಂಡು ಪಕ್ಕದಲ್ಲಿ ಕೂತಿದ್ದ ಗೆಳೆಯನೂ ಸೂಜಿ ಚುಚ್ಚೋದು ನೋಡಿ ಕೂತಲ್ಲೇ ವಾಲಿದ. ಅವನು ಕೊಟ್ಟಿದ್ದು ಒಂದು ತೊಟ್ಟೂ ಇಲ್ಲ. ಅವನ ರಕ್ತ ಎಲ್ಲಿ ಹೋಗಿತ್ತು ಸ್ವಾಮಿ?

ಆದ್ದರಿಂದ ಬೀಳದೇ ಇರೋ ದಾರಿ ರಕ್ತ ಉಳಿಸಿಕೊಳ್ಳೋದರಲ್ಲಿ ಇಲ್ಲ. ತಿಂಡಿ ತಿಂದು ಬನ್ನಿ. ರಕ್ತ ಕೊಡೋಕೆ ಮಲಗೋ ಮುಂಚೆ ಅರ್ಧ ಲೀಟರ್ ನೀರು ಕುಡೀರಿ. ರಕ್ತ ಹೋಗ್ತಿರುವಾಗ ತೊಡೆ ಬಿಗಿ ಮಾಡಿ ಬಿಡ್ತಾ ಇರಿ, ಕಾಲಲ್ಲಿ ರಕ್ತ ನಿಲ್ಲಲ್ಲ. ಮುಗಿದ ಮೇಲೆ ಸಿಸ್ಟರ್ ಏಳಿ ಅನ್ನೋವರೆಗೂ ಏಳಬೇಡಿ. ಆಕಳಿಕೆ, ಬೆವರು, ಹೊಟ್ಟೆ ತೊಳಸು ಶುರುವಾದರೆ ನಾಚಿಕೆ ಬಿಟ್ಟು ಇದ್ದಲ್ಲೇ ಮಲಗಿ. ಸ್ವಲ್ಪ ಹೊತ್ತು ಬಿಟ್ಟೂ ಹೀಗೆ ಆಗಬಹುದು, ಅದಕ್ಕೇ ಮದ್ದೂರಿಗೆ, ಪಾಂಡವಪುರಕ್ಕೆ ಅಂತ ತಕ್ಷಣ ಬೈಕ್ ಹತ್ತಬೇಡಿ.

ಹಾಗಂತ ಏನೂ ಆಗಲ್ಲ ಅಂತಲೂ ನಾನು ಹೇಳಲ್ಲ. ಹಿಮೋಗ್ಲೋಬಿನ್ 100 ಮಿಲಿ ರಕ್ತಕ್ಕೆ ಸುಮಾರು 1 ಗ್ರಾಂ ಇಳಿಯುತ್ತೆ. ಕ್ಲಾಸು, ಬಸ್ಸು, ಮನೆ ಕೆಲಸಕ್ಕೆ ಅದು ಗೊತ್ತೇ ಆಗಲ್ಲ. ಓಡೋರಿಗೆ, ಜಿಮ್ಮಲ್ಲಿ ಮೈ ದಂಡಿಸೋರಿಗೆ ಮಾತ್ರ ಕೆಲವು ವಾರ ಬೇಗ ಏದುಸಿರು ಬಂದಂಗೆ ಅನ್ನಿಸಬಹುದು. ಮುಂದಿನ ವಾರ ಯೂನಿವರ್ಸಿಟಿ ಮೀಟ್ ಇರೋರು ಇವತ್ತು ಕೊಡಬೇಡಿ. ಹಾಗೇ ಇನ್ನೊಂದು ತುದಿಗೆ ಹೋಗಿ "ರಕ್ತ ಕೊಟ್ಟರೆ ಹಾರ್ಟ್ ಅಟ್ಯಾಕ್ ಆಗಲ್ಲ" ಅಂತ ನಮ್ಮವರೇ ಪೋಸ್ಟರ್ ಬರೆದಿದ್ದರು. ಅದಕ್ಕೆ ಗಟ್ಟಿ ಆಧಾರ ಇಲ್ಲ, ತೆಗೆಸಿದೆ.

ಎರಡು ತಿಂಗಳಲ್ಲಿ ಕಣ ತುಂಬೋದಾದರೆ ಇನ್ನೊಂದು ಸಲ ರಕ್ತ ಕೊಡೋಕೆ ಮೂರು ತಿಂಗಳು ಯಾಕೆ ಕಾಯಬೇಕು? ಇದನ್ನ ಯಾರೂ ಕೇಳಿಲ್ಲ, ಕೇಳಬೇಕಿತ್ತು. ಮೈಯಲ್ಲೇ ಸತ್ತ ಕಣದ ಕಬ್ಬಿಣದ ಅಂಶವನ್ನ ಮೈ ಮತ್ತೆ ಹೊಸ ಕಣಕ್ಕೆ ಬಳಸುತ್ತೆ. ಬ್ಯಾಗಲ್ಲಿ ಹೋದ ಕಬ್ಬಿಣ ವಾಪಸ್ ಬರಲ್ಲ. ಒಂದು ಬ್ಯಾಗಲ್ಲಿ 150 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚೇ ಹೋಗುತ್ತೆ. ಊಟದಿಂದ ಮೈ ಹೀರಿಕೊಳ್ಳೋದು ದಿನಕ್ಕೆ 1ರಿಂದ 2 ಮಿಲಿಗ್ರಾಂ. ಲೆಕ್ಕ ಹಾಕಿ, ಗಂಡಸರಿಗೆ ಮೂರು ತಿಂಗಳು ಅಂತ ಯಾಕಿಟ್ಟಿದ್ದಾರೆ ಗೊತ್ತಾಗುತ್ತೆ. ಹೆಂಗಸರಿಗೆ ತಿಂಗಳು ತಿಂಗಳೂ ಬೇರೆ ಹೋಗುತ್ತೆ, ಸಂಗ್ರಹವೂ ಕಡಿಮೆ, ಅದಕ್ಕೆ ನಾಲ್ಕು ತಿಂಗಳು. ಸುಸ್ತಿನ ಬಗ್ಗೆ ಅಷ್ಟು ಯೋಚನೆ ಮಾಡೋರು ಯೋಚಿಸಬೇಕಾದ್ದು ಈ ಕಬ್ಬಿಣದ ಬಗ್ಗೆ.

ಇಲ್ಲಿಂದ ಹುಡುಗಿಯರಿಗೆ ಒಂದು ಮಾತು. ಅಲ್ಲಿ ಮೊದಲನೇ ಟೇಬಲ್ ಮೇಲೆ ಗಾಜಿನ ಲೋಟದಲ್ಲಿ ನೀಲಿ ದ್ರವ ಇದೆ ನೋಡಿ, ಅದು ಕಾಪರ್ ಸಲ್ಫೇಟ್, ನಮ್ಮ ಹೊಲಗಳಲ್ಲಿ ಮೈಲುತುತ್ತ ಅಂತಾರಲ್ಲ ಅದೇ. ಬೆರಳ ತುದಿಯ ಒಂದು ಹನಿ ಬಿಡ್ತಾರೆ. ಹನಿ 15 ಸೆಕೆಂಡಲ್ಲಿ ಮುಳುಗಿದರೆ ಹಿಮೋಗ್ಲೋಬಿನ್ 12.5 ಇದೆ ಅಂತ, ಕೊಡಬಹುದು. ತೇಲಿದರೆ ವಾಪಸ್. ಬೆರಳನ್ನ ಜೋರಾಗಿ ಹಿಂಡಿದರೆ ಮಾಂಸದ ನೀರು ಸೇರಿ ಹನಿ ಹಗುರ ಆಗುತ್ತೆ, ಗಾಳಿ ಗುಳ್ಳೆ ಇದ್ದರೂ ತೇಲುತ್ತೆ. ಅದಕ್ಕೇ ತೇಲಿದವರಿಗೆ ಮೀಟರಲ್ಲಿ ಇನ್ನೊಂದು ಸಲ ನೋಡಿ ಅಂತ ಕೇಳಿಕೊಂಡಿದ್ದೀನಿ. ಮೀಟರಲ್ಲಿ 12.2 ಬಂದರೆ ನಿಮಗೆ ಕಾಯಿಲೆ ಏನಿಲ್ಲ, ಇವತ್ತು ಕೊಡೋ ಹಾಗಿಲ್ಲ ಅಷ್ಟೆ. 12ಕ್ಕಿಂತ ಕೆಳಗೆ ಬಂದರೆ ಅದು ರಕ್ತಹೀನತೆ. ಪ್ರತಿ ಸಲ ಹೀಗೆ ವಾಪಸ್ ಕಳಿಸಿದವರು "ಅಯ್ಯೋ ಬಚಾವಾದೆ" ಅಂತ ನಕ್ಕೊಂಡು ಹೋಗ್ತಾರೆ. ನಗೋ ವಿಷಯ ಅಲ್ಲ ಕಣ್ರೇ ಅದು. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರೋದು, ಓದೋಕೆ ಕೂತರೆ ನಿದ್ದೆ, ಇವೆಲ್ಲ ರಕ್ತ ಕೊಡದೇ ಬಂದ ಸುಸ್ತು.

ಅದಕ್ಕೆ ಬೀಟ್‌ರೂಟ್ ಜ್ಯೂಸ್ ಕುಡೀತೀನಿ ಅನ್ನಬೇಡಿ. ಬಣ್ಣ ಕೆಂಪಗಿದೆ, ಅಷ್ಟು ಬಿಟ್ಟರೆ ಅದರಲ್ಲಿ ಕಬ್ಬಿಣ ಕಡಿಮೆಯೇ. ಬಸ್ಸಾರಿನ ಸೊಪ್ಪು ಕಾಳು ತಟ್ಟೆಯಲ್ಲಿ ಬಿಡಬೇಡಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟ ಆದ ಕೂಡ್ಲೆ ಟೀ ಕಾಫಿ ಕುಡೀಬೇಡಿ, ಒಂದು ಗಂಟೆ ಬಿಡಿ. ಟೀ ಕಬ್ಬಿಣವನ್ನ ಹೀರಿಕೊಳ್ಳೋಕೆ ಬಿಡಲ್ಲ. 12ಕ್ಕಿಂತ ಕೆಳಗಿರೋರಿಗೆ ಊಟ ಒಂದೇ ಸಾಲಲ್ಲ, ಮಾತ್ರೆ ಬೇಕಾಗುತ್ತೆ. ಆದರೆ ಮೆಡಿಕಲ್ ಸ್ಟೋರಿಗೆ ಹೋಗಿ ನೀವೇ ತಗೋಬೇಡಿ. ರಕ್ತಕಣ ಎಣಿಸೋ ಸಿಬಿಸಿ, ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸೋ ಫೆರಿಟಿನ್, ಈ ಎರಡು ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ, ಯಾಕಂದ್ರೆ ಕೆಲವರಿಗೆ ಕಬ್ಬಿಣ ಸರಿಯಾಗೇ ಇದ್ದು ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಅನ್ನೋ ತೊಂದರೆಯ ಗುಣ ಮನೆತನದಿಂದ ಬಂದಿರುತ್ತೆ, ಅವರಿಗೆ ಮಾತ್ರೆಯಿಂದ ಹಿಮೋಗ್ಲೋಬಿನ್ ಏರಲ್ಲ.

ವಾಪಸ್ ಬಂದವರ ಹಿಮೋಗ್ಲೋಬಿನ್ ಬರೆದುಕೊಡೋಕೆ ಮೊದಲ ಟೇಬಲ್ ಹತ್ರ ನಮ್ಮ ಕ್ಲಾಸಿನವರು ಕೂತಿದ್ದಾರೆ, ಚೀಟಿ ಇಸ್ಕೊಂಡೇ ಹೋಗಿ. ತಿಂಡಿ ತಿಂದಿರೋರು ಈಗ ಫಾರಂ ತಗೊಳ್ಳಿ. ತಿಂದಿಲ್ಲದವರು ಮೊದಲು ಕ್ಯಾಂಟೀನಿಗೆ ಹೋಗಿ ಬನ್ನಿ, ಬ್ಲಡ್ ಬ್ಯಾಂಕಿನವರು ಮಧ್ಯಾಹ್ನದವರೆಗೂ ಇರ್ತಾರೆ.